15×9 ಫ್ಲೆಕ್ಸ್‌ಗೆ 1600 ಹೇಳಿ ಕೈ ಸುಟ್ಕೊಂಡ ಲೆಕ್ಕ

ನಮ್ದು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಲ್ಲಿ ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಪಹಣಿ ಅರ್ಜಿ, ಜೆರಾಕ್ಸು, ಅದರ ಜೊತೆಗೆ ಫ್ಲೆಕ್ಸ್ ಆರ್ಡರ್ ಕೂಡ ತಗೋತೀವಿ. ಪ್ರಿಂಟ್ ಮಷೀನ್ ನಮ್ಮತ್ರ ಇಲ್ಲ, ಡಿಸೈನ್ ಮಾಡಿ ಫೈಲ್ ಸಿಟಿಯ ಯೂನಿಟ್‌ಗೆ ಕಳಿಸಿದ್ರೆ ಅವ್ರು ಹೊಡೆದು, ಸುತ್ತಿ, ಸಂಜೆ ಬಸ್ಸಿಗೆ ಹಾಕ್ತಾರೆ. ಹೋಬಳಿ ಕಡೆ ಅಂಗಡಿಗಳು ಬಹಳಷ್ಟು ಹಿಂಗೇ ನಡೆಯೋದು. ನಾನು ಶುರು ಮಾಡಿದ ಮೊದಲ ವರ್ಷ ಒಂದು ಬ್ಯಾನರ್‌ಗೆ ಬಾಯಿ ಲೆಕ್ಕದಲ್ಲಿ ರೇಟ್ ಹೇಳಿ ಸಿಕ್ಕಾಕೊಂಡಿದ್ದೆ, ಆ ಒಂದೇ ಬ್ಯಾನರ್‌ನ ಬಿಡಿಸಿ ಬರೀತಿದೀನಿ. ರೇಟ್‌ಗಳು ಆ ಹೊತ್ತಿನ ನಮ್ಮ ಯೂನಿಟ್‌ದು, ನಿಮ್ಮ ಕಡೆ ಬೇರೆ ಇರುತ್ತೆ, ಲೆಕ್ಕ ಹಾಕೋ ರೀತಿ ಮಾತ್ರ ಅದೇ.

ಪಕ್ಕದ ಹಳ್ಳಿಯವ್ರು ಜಾತ್ರೆಗೆ ಪೌರಾಣಿಕ ನಾಟಕ ಇಟ್ಕೊಂಡಿದ್ರು. ನಮ್ಮ ಕಡೆ ನಾಟಕ ಅಂದ್ರೆ ಗೊತ್ತಲ್ಲ, ಆಡೋರೆಲ್ಲ ಊರೋರೇ, ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ ಬಣ್ಣ ಹಚ್ಕೊಳ್ಳೋದು, ಹಂಗಾಗಿ ಫ್ಲೆಕ್ಸ್‌ನಲ್ಲಿ ಎಲ್ಲರ ಫೋಟೋನೂ ಬರಲೇಬೇಕು, ದುರ್ಯೋಧನನ ಫೋಟೋ ಕೃಷ್ಣನ್ದಕ್ಕಿಂತ ಒಂದಿಂಚು ಚಿಕ್ಕದಾದ್ರೂ ಜಗಳ. ಆರ್ಡರ್ ಕೊಡೋಕೆ ಬಂದಿದ್ದು ದುರ್ಯೋಧನನ ಪಾತ್ರ ಮಾಡೋ ಅಣ್ಣನೇ, ಇಲ್ಲಿ ಅವರನ್ನ ಹಂಗೇ ಕರೀತೀನಿ.

"ಹದಿನೈದು ಅಡ್ಡ, ಒಂಬತ್ತು ಎತ್ತರ. ಸರ್ವೆ ಕಂಬ ನೆಟ್ಟು ಕಟ್ಟಬೇಕು, ಸುತ್ತ ಹೊಲಿಗೆ ಹಾಕ್ಸಿ ರಿಂಗ್ ಹೊಡ್ಸು. ಎಷ್ಟಪ್ಪ ಆಗುತ್ತೆ?"

ನಾನು ಕ್ಯಾಲ್ಕುಲೇಟರ್ ಒತ್ತಿದೆ. 15 × 9 = 135 ಸ್ಕ್ವೇರ್ ಫೀಟ್. ನನ್ನ ರೇಟು ಅಡಿಗೆ 12. ಒಟ್ಟು 1620.

"ಎಲ್ಲಾ ಸೇರಿ ತಾನೇ? 1600 ಮಾಡ್ಕೋ."

"ಹೂಂ ಅಣ್ಣ, ಆಯ್ತು."

ಆ "ಹೂಂ ಅಣ್ಣ"ದಲ್ಲೇ ಹೋಗಿದ್ದು ನೋಡಿ. ನನ್ನ ತಲೇಲಿ ಇದ್ದಿದ್ದು ಯೂನಿಟ್‌ನವ್ರು ನನಗೆ ಅಡಿಗೆ 8 ರೂಪಾಯಿ ಹಾಕ್ತಾರೆ, 135 × 8 ಅಂದ್ರೆ 1080, ಹೊಲಿಗೆ ರಿಂಗ್ ಅಂತ ಇನ್ನೊಂದು ನೂರು ಹೋದ್ರೂ ನನಗೆ ನಾನೂರು ಉಳಿಯುತ್ತೆ ಅನ್ನೋದು. ಎರಡು ದಿನ ಬಿಟ್ಟು ಫ್ಲೆಕ್ಸ್ ಸುರುಳಿ ಜೊತೆ ಬಿಲ್ ಬಂತು, ಅದರಲ್ಲಿ ಹಿಂಗಿತ್ತು: ಪ್ರಿಂಟ್ 155 ಅಡಿ, 1240. ಹೊಲಿಗೆ 48 ರನ್ನಿಂಗ್ ಫೂಟ್, 192. ರಿಂಗ್ 26, 156. ಕೂಡಿದ್ರೆ 1588, ಅದರ ಮೇಲೆ 18% ಜಿಎಸ್‌ಟಿ 285.84, ಒಟ್ಟು 1873.84. ಬಸ್ಸಿನ ಪಾರ್ಸೆಲ್‌ಗೆ 60 ಬೇರೆ. ನಾನು ಮಾತು ಕೊಟ್ಟಿದ್ದು 1600. ಎರಡು ರಾತ್ರಿ ಕೂತು ಹದಿನೆಂಟು ಜನರ ಫೋಟೋ ಕಟ್ ಮಾಡಿ ಕಿರೀಟ ಕೂರಿಸಿದ್ದಕ್ಕೆ ನಾನೇ ಕೈಯಿಂದ 334 ರೂಪಾಯಿ ಕೊಟ್ಟಂಗಾಯ್ತು.

ಫೋನ್ ಮಾಡಿ ಜಗಳ ಆಡೋಣ ಅನ್ಕೊಂಡೆ. 135 ಅಡಿ ಹೇಳಿದ್ರೆ 155 ಹೆಂಗ್ರೀ ಹಾಕ್ತೀರ ಅಂತ. ಆಮೇಲೆ ಬಿಲ್ ಇಟ್ಕೊಂಡು ಒಂದೊಂದೇ ಸಾಲು ನೋಡ್ತಾ ಹೋದ್ರೆ ಅವ್ರದ್ದು ಒಂದು ರೂಪಾಯಿನೂ ತಪ್ಪಿಲ್ಲ.

ಮೊದಲು ಆ 155 ಎಲ್ಲಿಂದ ಬಂತು ನೋಡೋಣ. ಫ್ಲೆಕ್ಸ್ ಅನ್ನೋದು ನಮಗೆ ಬೇಕಾದ ಅಳತೆಗೆ ಬರಲ್ಲ, ಸೀರೆ ಪನ್ನ ಇದ್ದಂಗೆ ಅದಕ್ಕೂ ಒಂದು ಅಗಲ ಇರುತ್ತೆ. ನಮ್ಮ ಯೂನಿಟ್‌ನಲ್ಲಿ ಇರೋದು 3, 4, 5, 6, 8, 10 ಅಡಿ ರೋಲ್. 9 ಅಡಿ ರೋಲ್ ಅಂತ ಇಲ್ಲವೇ ಇಲ್ಲ. 9 ಅಡಿ ಎತ್ತರದ ಬ್ಯಾನರ್ 10 ಅಡಿ ರೋಲ್ ಮೇಲೇ ಹೊಡೀಬೇಕು, ಉಳಿದ ಪಟ್ಟಿ ಕತ್ತರಿಸಿ ಮೂಲೆಗೆ ಬಿಸಾಕ್ತಾರೆ, ಆ ಪಟ್ಟಿ ಯಾರಿಗೂ ಬರಲ್ಲ, ಅದರ ದುಡ್ಡು ಆರ್ಡರ್ ಕೊಟ್ಟೋನ ಮೇಲೆ. ಇದು ಒಂದು. ಇನ್ನೊಂದು, ಸುತ್ತ ಮಡಚಿ ಹೊಲೀಬೇಕಂದ್ರೆ ಮಡಿಕೆಗೆ ಮಾಲು ಬೇಕಲ್ಲ. ಒಂದೊಂದು ಬದಿಗೆ ಒಂದೂವರೆ ಇಂಚು, ಎರಡೂ ಬದಿ ಸೇರಿದ್ರೆ 3 ಇಂಚು, ಅಂದ್ರೆ ಕಾಲು ಅಡಿ. ಹಂಗಾಗಿ 15 ಅಡಿ ಅನ್ನೋದು 15.25 ಆಯ್ತು, ಇವ್ರು ಉದ್ದನ ಅರ್ಧ ಅಡಿ ಲೆಕ್ಕದಲ್ಲಿ ಮೇಲಕ್ಕೆ ಹಿಡೀತಾರೆ, ಅದು 15.5. ಎತ್ತರ 9.25, ಅದು ಹೆಂಗಿದ್ರೂ 10ರ ರೋಲ್ ಒಳಗೇ. 15.5 × 10 = 155. ಸರಿ ಇದೆ.

ಇಲ್ಲಿ ಒಂದು ಮಾತು. ಈ ಮಡಿಕೆ ಮಾಲನ್ನ ಹೆಚ್ಚಿಗೆ ಬಿಡದೆ ನೀವು ಕೊಟ್ಟ ಅಳತೆ ಒಳಗೇ ಮಡಚೋ ಯೂನಿಟ್‌ಗಳೂ ಇದಾವೆ. ಆಗ ಬಿಲ್ ಕಡಿಮೆ ಕಾಣ್ಸುತ್ತೆ, ಆದ್ರೆ ಕೈಗೆ ಬರೋದು 14 ಅಡಿ 9 ಇಂಚು, 8 ಅಡಿ 9 ಇಂಚಿನ ಬ್ಯಾನರು. ಕಂಬಕ್ಕೆ ಹಗ್ಗದಲ್ಲಿ ಕಟ್ಟೋದಾದ್ರೆ ಪರವಾಗಿಲ್ಲ, ಹಗ್ಗ ಸ್ವಲ್ಪ ಉದ್ದ ಬಿಟ್ರೆ ಆಯ್ತು. ಮೊದಲೇ ಮಾಡಿಟ್ಟ ಕಬ್ಬಿಣದ ಫ್ರೇಮಿಗೆ ಅಂದ್ರೆ ಅದು ಮುಟ್ಟೋದೇ ಇಲ್ಲ. ಅದಕ್ಕೆ "15×9 ರೆಡಿ ಸೈಜಾ, ಪ್ರಿಂಟ್ ಸೈಜಾ" ಅಂತ ಈಗ ಬಾಯ್ಬಿಟ್ಟು ಕೇಳ್ತೀನಿ, ಗಿರಾಕಿಗೂ ಕೇಳ್ತೀನಿ ಯೂನಿಟ್‌ಗೂ ಹೇಳ್ತೀನಿ.

ಹೊಲಿಗೆ ಲೆಕ್ಕಕ್ಕೂ ಸ್ಕ್ವೇರ್ ಫೀಟ್‌ಗೂ ಸಂಬಂಧ ಇಲ್ಲ. ಅದು ಸುತ್ತಳತೆ ಮೇಲೆ ಹೋಗೋದು. 15 + 9 = 24, ಅದರ ಎರಡರಷ್ಟು 48 ಅಡಿ, ಅಡಿಗೆ 4 ರೂಪಾಯಿ, 192. ಚಿಕ್ಕ ಬ್ಯಾನರಲ್ಲಿ ಇದು ಜಾಸ್ತಿ ಕಚ್ಚುತ್ತೆ, ಯಾಕಂದ್ರೆ ಬ್ಯಾನರ್ ಚಿಕ್ಕದಾದಷ್ಟೂ ಒಳಗಿನ ಜಾಗಕ್ಕಿಂತ ಅಂಚೇ ದೊಡ್ಡದಾಗಿ ಕಾಣೋದು. 3×2ರ ಒಂದು ಬ್ಯಾನರ್ ತಗೊಳ್ಳಿ, 6 ಸ್ಕ್ವೇರ್ ಫೀಟ್ ಅಷ್ಟೇ, ಸುತ್ತಳತೆ 10 ಅಡಿ. ಅಡಿಗೆ 8 ಅಂದ್ರೂ ಪ್ರಿಂಟ್ 48, ಹೊಲಿಗೆ 40. ಅಂಥದ್ದಕ್ಕೆ ಹೊಲಿಗೆನೂ ಸೇರಿ ಅಡಿಗೆ ಇಷ್ಟು ಅಂತ ಒಂದೇ ರೇಟ್ ಹೇಳಿದ್ರೆ ಅಂಗಡಿ ಮುಚ್ಕೊಂಡು ಹೋಗಬೇಕು.

ಹೊಲಿಗೆ ಬೇಡ ಅಂದ್ರೆ ಮಡಚಿ ಸಲ್ಯೂಷನ್ ಹಾಕಿ ಅಂಟಿಸ್ತಾರೆ, ಅದು ಕಡಿಮೆಗೆ ಆಗುತ್ತೆ. ನೆರಳಲ್ಲಿ, ಒಳಗಡೆ ಸ್ಟೇಜ್ ಹಿಂದೆ ಕಟ್ಟೋಕೆ ಅದೇ ಸಾಕು. ಬಿಸಿಲಿಗೆ ನಾಲ್ಕು ದಿನ ಇದ್ರೆ ಸಲ್ಯೂಷನ್ ಮೆತ್ತಗಾಗಿ ಮಡಿಕೆ ಬಾಯಿ ಬಿಡುತ್ತೆ. ಹಂಗಂತ ಹೊಲಿಗೆ ದೇವರಲ್ಲ, ಸೂಜಿ ಚುಚ್ಚಿದ ಕಡೆಯೆಲ್ಲ ತೂತು ತಾನೇ, ಹೊಲಿಗೆ ಒತ್ತೊತ್ತಾಗಿ ಬಿದ್ದಿದ್ರೆ ಜೋರು ಗಾಳಿಗೆ ಆ ತೂತಿನ ಸಾಲೇ ಪೋಸ್ಟ್ ಸ್ಟಾಂಪ್ ಹರಿದಂಗೆ ನೇರ ಹರ್ಕೊಂಡು ಹೋಗುತ್ತೆ. ಉದ್ದುದ್ದ ಹೊಲಿಗೆ ಹಾಕಬೇಕು. ಬಂದ ತಕ್ಷಣ ಅಂಚು ತಿರುಗಿಸಿ ಒಂದು ಸಲ ನೋಡಿದ್ರೆ ಗೊತ್ತಾಗುತ್ತೆ, ಅಂಗಿ ಕಾಲರ್ ತರ ಸಣ್ಣ ಸಣ್ಣ ಹೊಲಿಗೆ ಕಂಡ್ರೆ ಅದು ಬಟ್ಟೆ ಹೊಲಿಯೋ ಲೆಕ್ಕದಲ್ಲಿ ಹೊಲಿದಿದಾರೆ ಅಂತ.

ಈಗ ರಿಂಗ್. ಐಲೆಟ್ ಅಂತಾರಲ್ಲ, ಅದು. ನನಗೆ ಜಾಸ್ತಿ ತಲೆ ಕೆಡಿಸಿದ್ದು ಇದೇ. ಎರಡಡಿಗೊಂದು ರಿಂಗ್ ಅಂತ ಹೇಳಿದ್ದೆ. ಸುತ್ತಳತೆ 48, ಎರಡರಿಂದ ಭಾಗಿಸಿದ್ರೆ 24 ಆಗಬೇಕು, ಇವ್ರು 26 ಬರೆದಿದಾರೆ. ಬದಿ ಬದಿ ಎಣಿಸೋಣ ಅಂತ ಕೂತೆ: 15 ಅಡಿ ಬದಿಗೆ ಎರಡಡಿಯಂತೆ 8 ಸಂದು ಬರುತ್ತೆ, 8 ಸಂದಿಗೆ 9 ರಿಂಗ್, 9 ಅಡಿ ಬದಿಗೆ 5 ಸಂದು, 6 ರಿಂಗ್. 9 + 9 + 6 + 6 = 30. ಈಗ ಮೂರು ಲೆಕ್ಕ, ಮೂರು ಉತ್ತರ. ಕೊನೆಗೆ ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿ ಬೆರಳಿಟ್ಟು ಎಣಿಸಿದೆ. 26 ಇತ್ತು.

ಬಿಡಿಸಿದ್ರೆ ಸುಲಭ. 30 ಯಾಕೆ ತಪ್ಪು ಅಂದ್ರೆ ಮೂಲೆ ರಿಂಗ್ ಎರಡು ಬದಿಗೂ ಸೇರಿದ್ದು, ನಾನು ನಾಲ್ಕು ಮೂಲೆನೂ ಎರಡೆರಡು ಸಲ ಎಣಿಸಿದ್ದೆ, 30ರಲ್ಲಿ 4 ಹೋದ್ರೆ 26. ತೋಟದ ಸುತ್ತ ಬೇಲಿ ಹಾಕ್ದೋರಿಗೆ ಇದು ಹೇಳಬೇಕಾಗಿಲ್ಲ, ಪೂರ್ತಿ ಸುತ್ತು ಬಂದ್ರೆ ಸಂದು ಎಷ್ಟೋ ಕಂಬ ಅಷ್ಟೇ. 24 ಯಾಕೆ ತಪ್ಪು ಅಂದ್ರೆ 15 ಮತ್ತು 9 ಎರಡೂ ಎರಡರಿಂದ ಸರಿಯಾಗಿ ಭಾಗ ಹೋಗಲ್ಲ, ಮೂಲೆಗೆ ರಿಂಗ್ ಬರಲೇಬೇಕು, ಆದ್ದರಿಂದ ಒಂದೊಂದು ಬದಿನೂ ಬೇರೆ ಬೇರೆ ಭಾಗಿಸಿ ಮೇಲಕ್ಕೆ ಹಿಡೀಬೇಕು. 15 ಅಡಿಗೆ ಏಳೂವರೆ ಅಲ್ಲ 8, 9 ಅಡಿಗೆ ನಾಲ್ಕೂವರೆ ಅಲ್ಲ 5. 8 + 5 = 13, ಎರಡರಷ್ಟು 26. ರಿಂಗ್‌ಗೆ 6 ರೂಪಾಯಿ, 156.

ರಿಂಗ್ ಕಡಿಮೆ ಮಾಡಿ ಉಳಿಸ್ತೀನಿ ಅನ್ನೋ ಯೋಚನೆ ಎಲ್ಲರಿಗೂ ಬರುತ್ತೆ, ನನಗೂ ಬಂದಿತ್ತು. ನಾಲ್ಕು ಮೂಲೆ, ಮೇಲೆ ಕೆಳಗೆ ನಡುವೆ ಒಂದೊಂದು, 6 ರಿಂಗ್, 36 ರೂಪಾಯಿ, ಉಳಿಯೋದು 120. ಆದ್ರೆ 135 ಅಡಿ ಬ್ಯಾನರ್ ಅಂದ್ರೆ ಹಡಗಿನ ಹಾಯಿ ಇದ್ದಂಗೆ, ಗಾಳಿ ಪೂರ್ತಿ ಬಂದು ಆ ಆರು ತೂತಿನ ಮೇಲೆ ಜಗ್ಗುತ್ತೆ, ಮೊದಲು ಮೇಲಿನ ಮೂಲೆ ರಿಂಗ್ ಕಿತ್ಕೊಂಡು ಬರುತ್ತೆ, ಅದು ಹೋದ್ರೆ ಅದರ ಭಾರ ಪಕ್ಕದ್ದಕ್ಕೆ, ಒಂದು ಗಂಟೇಲಿ ಬ್ಯಾನರ್ ಮೋರಿ ಪಾಲು. ರಿಂಗ್ ಒಂಟಿ ಪದರಕ್ಕೆ ಹೊಡೆದಿದ್ರೆ ಇನ್ನೂ ಬೇಗ. ಮಡಚಿದ ಜೋಡಿ ಪದರದ ಮೇಲೇ ಹೊಡೀಬೇಕು, ಹೊಲಿಗೆನೂ ರಿಂಗೂ ಜೊತೆಗೇ ಹೋಗೋದು ಅದಕ್ಕೇ. ಮರದ ರೀಪರ್ ಫ್ರೇಮಿಗೆ ಮೊಳೆ ಹೊಡೆದು ಕೂರಿಸೋದಾದ್ರೆ ಮಾತ್ರ ಎರಡೂ ಬೇಡ, ಬದಲಿಗೆ ಫ್ರೇಮ್ ಹಿಂದಕ್ಕೆ ಮಡಚೋಕೆ ಸುತ್ತ ಎರಡು ಮೂರು ಇಂಚು ಮಾಲು ಬಿಟ್ರೆ ಸಾಕು.

ರಿಂಗ್ ವಿಷಯದಲ್ಲಿ ಇನ್ನೊಂದು ಎಡವಟ್ಟು ಆ ಬ್ಯಾನರ್‌ನಲ್ಲೇ ಆಗಿತ್ತು. ನಾನು ಫೋಟೋಗಳನ್ನ ಅಂಚಿನವರೆಗೂ ತುಂಬಿಸಿದ್ದೆ. ಬಲಗಡೆ ಸಾಲಿನಲ್ಲಿದ್ದ ಶಕುನಿ ಪಾತ್ರಧಾರಿಯ ಕಿವಿಗೇ ಸರಿಯಾಗಿ ರಿಂಗ್ ಕೂತು ಓಲೆ ಹಾಕ್ದಂಗೆ ಮಿಂಚ್ತಿತ್ತು. ಅವರೇನೋ ನಕ್ಕು ಸುಮ್ಮನಾದ್ರು. ಆವತ್ತಿಂದ ಸುತ್ತ 3 ಇಂಚು ಬರೀ ಬಣ್ಣ ಬಿಟ್ಟು ಬೇರೇನೂ ಇಡಲ್ಲ.

ರಾತ್ರಿ ಅಂಗಡಿ ಬಾಗಿಲು ಎಳ್ಕೊಂಡು ಇದೇ ಬ್ಯಾನರ್‌ನ ಬೇರೆ ಅಳತೇಲಿ ಹೊಡ್ಸಿದ್ರೆ ಏನಾಗ್ತಿತ್ತು ಅಂತ ನೋಡಿದೆ, ನನಗೆ ನಿಜವಾಗಿ ಕಣ್ಣು ಬಿಟ್ಟಿದ್ದು ಆಗ. ಎತ್ತರ 9 ಅಡಿ ಬದಲು 9 ಅಡಿ 9 ಇಂಚು ಅಂತ ಇಟ್ಕೊಳ್ಳಿ. ಮಡಿಕೆ 3 ಇಂಚು ಸೇರಿದ್ರೆ ಸರಿಯಾಗಿ 10, ರೋಲ್ ಪೂರ್ತಿ. ಮಷೀನು ರೋಲಿನ ಎರಡೂ ಅಂಚಲ್ಲಿ ಸ್ವಲ್ಪ ಬಿಳಿ ಬಿಡುತ್ತೆ, ಆ ಬಿಳಿ ಮಡಿಕೆ ಒಳಗೆ ಹೋಗಿಬಿಡೋದ್ರಿಂದ ಕಾಣಲ್ಲ. ಪ್ರಿಂಟ್ ಅದೇ 155 ಅಡಿ, ಅದೇ 1240. ಹೊಲಿಗೆ 49.5 ಅಡಿ, 198. ರಿಂಗ್ ಅದೇ 26, 156. ಒಟ್ಟು 1594. ಅಂದ್ರೆ ಮುಕ್ಕಾಲು ಅಡಿ ಎತ್ತರ ಜಾಸ್ತಿ ಸಿಕ್ಕಿದ್ದು 6 ರೂಪಾಯಿಗೆ! ನಾನು ಆ ಮುಕ್ಕಾಲು ಅಡಿಗೆ ದುಡ್ಡು ಕೊಟ್ಟು ಕತ್ತರಿಸಿ ಬಿಸಾಡ್ಸಿದ್ದೆ.

ಕೆಳಗಿನ ರೋಲ್‌ಗೆ ಇಳಿದ್ರೆ? ಎತ್ತರ 7 ಅಡಿ 9 ಇಂಚು, 8ರ ರೋಲ್. ಪ್ರಿಂಟ್ 15.5 × 8 = 124 ಅಡಿ, 992. ಹೊಲಿಗೆ 45.5 ಅಡಿ, 182. ರಿಂಗ್ 8 ಮತ್ತು 4, ಎರಡರಷ್ಟು 24, 144. ಒಟ್ಟು 1318. ಒಂದೂಕಾಲು ಅಡಿ ಎತ್ತರ ಬಿಟ್ಕೊಟ್ರೆ ಜಿಎಸ್‌ಟಿಗೂ ಮೊದಲೇ 270 ರೂಪಾಯಿ ಉಳೀತು. 9 ಅಡಿ ಅನ್ನೋ ಅಳತೆ ಎರಡರ ನಡುವೆ ಸಿಕ್ಕಾಕೊಂಡಿರೋದು, 10ರ ದುಡ್ಡು, 9ರ ಮಾಲು. ದುರ್ಯೋಧನನ್ನ ಒಂದು ಮಾತು ಕೇಳಿದ್ರೆ ಮುಗೀತಿತ್ತು, ಅವ್ರಿಗೆ ಒಂಬತ್ತೇ ಆಗಬೇಕು ಅಂತೇನೂ ಇರಲಿಲ್ಲ, ಕಂಬ ನೆಡೋದು ಅವರೇ ತಾನೇ.

ಇಂಚು ಬಂದಾಗ ಹುಷಾರು. 7 ಅಡಿ 9 ಇಂಚನ್ನ 7.9 ಅಂತ ಟೈಪ್ ಮಾಡ್ಬೇಡಿ, ಅದು 7.75. 7.9 ಅಂತ ಹಾಕಿದ್ರೆ ಮಡಿಕೆ ಸೇರಿ 8.15 ಆಗಿ 8ರ ರೋಲ್ ದಾಟಿ 10ಕ್ಕೆ ಹಾರುತ್ತೆ. ಅಡ್ಡ ಎತ್ತರ ಅದಲು ಬದಲಾದ್ರೆ ಇನ್ನೂ ದೊಡ್ಡ ಕಥೆ, "ಒಂಬತ್ತು ಹದಿನೈದು" ಅಂದ್ರೆ ಕೆಲವ್ರಿಗೆ ಎತ್ತರ ಮೊದಲು, ಕೆಲವ್ರಿಗೆ ಅಡ್ಡ ಮೊದಲು, ಹಂಗಾಗಿ ಕೈಯಲ್ಲಿ ಗಾಳೀಲಿ ಚೌಕ ಬರೆದು ತೋರಿಸಿ ಕೇಳೋದೇ ಒಳ್ಳೇದು.

ಆಮೇಲೆ ಇದನ್ನೆಲ್ಲ ಎಕ್ಸೆಲ್‌ಗೆ ಹಾಕಿದೆ. A2 ರೆಡಿ ಅಡ್ಡ, B2 ರೆಡಿ ಎತ್ತರ, C2 ಅಡಿ ರೇಟು, D2 ರೋಲ್ ಅಗಲ (ಎತ್ತರಕ್ಕೆ ಕಾಲು ಅಡಿ ಸೇರಿಸಿ, ಅದು ಹಿಡಿಸೋ ಚಿಕ್ಕ ರೋಲ್ ನಾನೇ ನೋಡಿ ಹಾಕ್ತೀನಿ), E2 ಹೊಲಿಗೆ ರೇಟು, F2 ರಿಂಗ್ ರೇಟು:

```
=CEILING(A2+0.25,0.5)*D2*C2
 +2*(A2+B2)*E2
 +2*(ROUNDUP(A2/2,0)+ROUNDUP(B2/2,0))*F2
```

15, 9, 8, 10, 4, 6 ಹಾಕಿ ನೋಡಿ, 1588 ಬರುತ್ತೆ. ಎತ್ತರ 10 ಅಡಿ ರೋಲ್‌ನೂ ಮೀರಿದ್ರೆ ಈ ಫಾರ್ಮುಲಾ ಸಾಲಲ್ಲ, ಆಗ ಎರಡು ತುಂಡು ಹೊಡೆದು ಜಾಯಿಂಟ್ ಹಾಕಬೇಕು, ಜಾಯಿಂಟ್ ಚಾರ್ಜ್ ಬೇರೆ, ಆ ಗೆರೆ ಯಾರ ಮುಖದ ಮೇಲೂ ಹೋಗದಂಗೆ ಡಿಸೈನ್‌ನಲ್ಲೇ ನೋಡ್ಕೋಬೇಕು.

ರೇಟು ಹೋಲಿಸೋದ್ರಲ್ಲೂ ನಾನು ಅಲ್ಲಿವರೆಗೆ ದಡ್ಡನಾಗಿದ್ದೆ. ಇನ್ನೊಂದು ಯೂನಿಟ್‌ನವ್ರು ಅಡಿಗೆ 9 ಅಂತ ಹೇಳಿದ್ರು, ರೆಡಿ ಸೈಜಿಗೆ ಮಾತ್ರ, ವೇಸ್ಟ್ ಹಿಡಿಯಲ್ಲ ಅಂತ. ಒಂದು ರೂಪಾಯಿ ಜಾಸ್ತಿ ಅಂತ ಬಿಟ್ಟಿದ್ದೆ. ಈ ಬ್ಯಾನರ್‌ಗೆ ಹಾಕಿ ನೋಡಿದ್ರೆ 135 × 9 = 1215, ನನ್ನ 8 ರೂಪಾಯಿ ಯೂನಿಟ್‌ನ 1240ಕ್ಕಿಂತ 25 ಕಡಿಮೆ! ಅದೇ 9 ಅಡಿ 9 ಇಂಚಿಗೆ ಹಾಕಿದ್ರೆ 146.25 × 9, ಸುಮಾರು 1316, ಆಗ 8 ರೂಪಾಯಿಯವ್ರೇ ವಾಸಿ. ಯಾರು ಅಗ್ಗ ಅನ್ನೋದು ಅಳತೆ ನೋಡದೆ ಹೇಳೋಕಾಗಲ್ಲ. ಹೋಲಿಸೋವಾಗ ಮಾಲು ಒಂದೇನಾ ಅಂತ ಮಾತ್ರ ಕೇಳಿ, ನಾರ್ಮಲ್ ಫ್ಲೆಕ್ಸ್ ಒಬ್ಬರು, ಸ್ಟಾರ್ ಫ್ಲೆಕ್ಸ್ ಇನ್ನೊಬ್ಬರು ಹೇಳಿದ್ರೆ ಲೆಕ್ಕ ಕೂರಲ್ಲ, ಸ್ಟಾರ್ ದಪ್ಪ, ರೇಟೂ ಜಾಸ್ತಿ.

ನಿಷೇಧದ ವಿಷಯನೂ ಗಿರಾಕಿಗೆ ಹೇಳಲೇಬೇಕು. ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಫ್ಲೆಕ್ಸು ಬ್ಯಾನರು ಬಂಟಿಂಗ್ಸು ಬಳಸಬಾರದು ಅಂತ ಸರ್ಕಾರದ ಅಧಿಸೂಚನೆ ಆಗಿದೆ, 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಬೆಂಗಳೂರಲ್ಲಿ ರಾಶಿ ರಾಶಿ ಕಿತ್ತಾಕಿದ್ರು. ಹಳ್ಳಿ ಕಡೆ ಇನ್ನೂ ನಡೀತಾನೇ ಇದೆ ಅನ್ನೋದು ಎಲ್ಲರಿಗೂ ಗೊತ್ತಿರೋದೇ, ಆದ್ರೆ ಕಿತ್ತಾಕಿದ ದಿನ 1600 ಯಾರೂ ವಾಪಸ್ ಕೊಡಲ್ಲ. ಬಟ್ಟೆ ಬ್ಯಾನರ್ ಬೇಕು ಅಂದ್ರೂ ಲೆಕ್ಕದ ರೀತಿ ಇದೇ, ಅಡಿ ರೇಟು ಮೇಲೆ ಹೋಗುತ್ತೆ, ರೋಲಿನ ಪನ್ನ ಬೇರೆ ಇರುತ್ತೆ, ಬಟ್ಟೆ ಅಂಚು ನೂಲು ಬಿಡೋದ್ರಿಂದ ಹೊಲಿಗೆ ಬಿಡೋ ಹಂಗೇ ಇಲ್ಲ.

ದುರ್ಯೋಧನನ ಹತ್ರ ನಾನು ಜಾಸ್ತಿ ಕೇಳಲಿಲ್ಲ, ಒಪ್ಕೊಂಡಿದ್ದು ಒಪ್ಕೊಂಡಂಗೆ 1600 ಇಸ್ಕೊಂಡೆ. ನಾಟಕ ಆಯ್ತು, ಬ್ಯಾನರ್ ನಾಲ್ಕು ದಿನ ಗಾಳೀಲಿ ನಿಂತಿತ್ತು. ಒಂದೆರಡು ತಿಂಗಳು ಬಿಟ್ಟು ಆ ಊರಿನ ಮೇಲೆ ಹೋಗ್ತಿದ್ದೆ, ಅವರ ಕಣದಲ್ಲಿ ರಾಗಿ ಹುಲ್ಲಿನ ಬಣವೆ ಮೇಲೆ ಗದೆ ಹಿಡ್ಕೊಂಡು ದುರ್ಯೋಧನ ಮಲಗಿದ್ದ, ರಿಂಗ್ ರಿಂಗಿಗೂ ಹಗ್ಗ ಪೋಣಿಸಿ ಕೆಳಗೆ ಕಲ್ಲು ಕಟ್ಟಿದ್ರು.

ಮುಂದಿನ ವರ್ಷ ಅವರೇ ಬಂದ್ರು. ಈ ಸಲ ನಾನು ಎಕ್ಸೆಲ್ ತೆಗೆದು ಕೂತಿದ್ದೆ. 15 ಅಡ್ಡ, 9 ಅಡಿ 9 ಇಂಚು ಎತ್ತರ. ಪ್ರಿಂಟ್ 155 ಅಡಿಗೆ ನನ್ನ ರೇಟು 12ರಂತೆ 1860, ಹೊಲಿಗೆ ಅಡಿಗೆ 5ರಂತೆ 247.50, ರಿಂಗ್ 8ರಂತೆ 26ಕ್ಕೆ 208 ಅಂತ ಬಿಡಿಸಿ ಬರೆದು ತೋರಿಸಿದೆ. ಕಮ್ಮಿ ಮಾಡು ಅಂತಾರೆ ಅಂತ ಕಾಯ್ತಿದ್ದೆ.

"ರಿಂಗ್ ಎರಡಡಿಗೆ ದೂರ ಆಗುತ್ತೆ ಕಣಪ್ಪ, ಒಂದೂವರೆ ಅಡಿಗೊಂದು ಹೊಡ್ಸು."

"ನಾಟಕಕ್ಕೆ ಅಷ್ಟೆಲ್ಲ ಯಾಕಣ್ಣ?"

"ನಾಟಕಕ್ಕಲ್ಲ, ಬಣವೆಗೆ."

15ಕ್ಕೆ 10, 9.75ಕ್ಕೆ 7, ಎರಡರಷ್ಟು 34. ರಿಂಗ್ 272 ಆಯ್ತು, ಒಟ್ಟು 2379.50. 2380 ಕೊಟ್ಟು ಹೋದ್ರು.